ನೂರ ಎಪ್ಪತ್ತು ಪವರ್ ಅಲ್ಲ

ಆ ದಿನ ಹಿಂದೂಪುರದ ನನ್ನ ಕನ್ನಡಕದ ಅಂಗಡಿಯಲ್ಲಿ ಒಂದು ಕಡೆ ಕೂರಲಾಗಲಿಲ್ಲ. ಕಲ್ಯಾಣದುರ್ಗದಿಂದ ಅಕ್ಕ, ಭಾವನ ಕಣ್ಣಿನ ಚೀಟಿಯ ಫೋಟೋ ಕಳಿಸಿದ್ದಳು. ಭಾವ ಬ್ರಹ್ಮಸಮುದ್ರದ ಕಡೆಗೆ ಖಾಸಗಿ ಬಸ್ ಓಡಿಸುತ್ತಾರೆ. ಚೀಟಿಯಲ್ಲಿ 170 ಎಂದಿರುವುದನ್ನು ಕಂಡು, ಇಷ್ಟೊಂದು ಪವರ್ ಬಂದ ಮೇಲೆ ಇನ್ನೇನು ಉಳಿಯಿತೆಂದು, ಸಂಜೆ ಮಾಲೀಕರಿಗೆ ಬಸ್ಸಿನ ಕೀ ಒಪ್ಪಿಸಲು ಹೊರಟಿದ್ದರಂತೆ.

ಭಾವನದು ಮೊದಲೇ ಹಟದ ಸ್ವಭಾವ. ಮದುವೆಯಾಗಿ ಇಪ್ಪತ್ತು ವರ್ಷವಾದರೂ ಬೇಸಿಗೆಯಿಂದೀಚೆಗೆ ಅಕ್ಕ ದಿನಾ ಬುತ್ತಿ ಹಿಡಿದು ಅವರ ಬಸ್ಸಿನ ಮುಂದಿನ ಸೀಟಲ್ಲೇ ಕೂತು ಹೋಗಿ ಬರುತ್ತಿದ್ದಳು. ಹೊಸ ಜೋಡಿ ಎಂದು ನಾವೆಲ್ಲ ರೇಗಿಸುತ್ತಿದ್ದೆವು.

ಫೋನ್ ಮಾಡಿ ಭಾವನಿಗೆ ಬಿಡಿಸಿ ಹೇಳಿದೆ. ಚೀಟಿಯಲ್ಲಿ ಸ್ಫಿಯರ್ ಅಂದರೆ ಗಾಜಿನ ತುಂಬ ಒಂದೇ ಸಮನಾಗಿರುವ ಪವರ್. ಅವರದು ಮೈನಸ್ ಅರ್ಧ, ದೂರದ್ದು ಸ್ವಲ್ಪ ಮಸುಕು, ಅಷ್ಟೇ. ಸಿಲಿಂಡರ್ ಮೈನಸ್ ಒಂದೂವರೆ, ಅದು ಒಂದು ದಿಕ್ಕಿಗೆ ಮಾತ್ರ ಬೇಕಾದ ಹೆಚ್ಚುವರಿ ಪವರ್.

"ಕರೆಂಟ್ ಕಂಬ ನೆಟ್ಟಗೆ ಕಾಣ್ತದೆ, ತಂತಿ ಮಾತ್ರ ಕದಡಿಕೊಂಡಂಗೆ ಇರ್ತದಲ್ವಾ ಭಾವ?"

"ಹೂಂ ಕಣಮ್ಮ" ಅಂದರು ಭಾವ.

170 ಅನ್ನುವುದು ಆಕ್ಸಿಸ್. ಆ ಸಿಲಿಂಡರನ್ನು ಫ್ರೇಮಿನಲ್ಲಿ ಯಾವ ಕಡೆ ತಿರುಗಿಸಿ ಕೂರಿಸಬೇಕು ಅನ್ನುವ ಗುರುತು. ಒಂದರಿಂದ ನೂರ ಎಂಬತ್ತರವರೆಗೆ ಏನು ಬೇಕಾದರೂ ಇರಬಹುದು, ಜಾಸ್ತಿ ಇದ್ದರೆ ಕಣ್ಣು ಜಾಸ್ತಿ ಕೆಟ್ಟಿದೆ ಎಂದಲ್ಲ. ಆದರೆ ಚೀಟಿಯ ಕೊನೆಯ ಸಾಲು ಭಾವನ ಹೆಬ್ಬೆರಳ ಕೆಳಗೆ ಮುಚ್ಚಿಹೋಗಿತ್ತು. ಕನ್ನಡಕ ಹಾಕಿದರೆ ಎಷ್ಟು ಕಾಣುತ್ತದೆ ಎಂದು ಬರೆಯುವುದು ಅಲ್ಲೇ, ಬಸ್ ಓಡಿಸಬಹುದೋ ಇಲ್ಲವೋ ಗೊತ್ತಾಗುವುದೂ ಅದರಿಂದಲೇ. ಬೆರಳು ತೆಗೆದು ಇನ್ನೊಂದು ಫೋಟೋ ಕಳಿಸಿ ಅಂದರೆ ಅದಕ್ಕೂ ಸತಾಯಿಸಿದರು. ನನಗೆ ಸಿಟ್ಟು ನೆತ್ತಿಗೇರಿತು. ಗಿರಾಕಿಗಳ ಮೇಲೂ ಸಿಡುಕಿದೆ. ಊಟ ಸೇರಲಿಲ್ಲ, ಫೋನು ಕೈಯಿಂದ ಇಳಿಯಲಿಲ್ಲ.

ಕೊನೆಗೆ ಫೋಟೋ ಬಂತು. ಎರಡೂ ಕಣ್ಣಿಗೆ ಆರು ಬೈ ಆರು. ಕನ್ನಡಕ ಹಾಕಿದರೆ ಪೂರ್ತಿ ನೋಟ. ಕೀ ಕೊಡಬೇಡಿ, ಆದರೆ ಕನ್ನಡಕ ಬರುವವರೆಗೆ ಸ್ಟೇರಿಂಗ್ ಮುಟ್ಟಬೇಡಿ ಎಂದು ಹೇಳಿಟ್ಟೆ.

ಕನ್ನಡಕ ತಯಾರಾದ ದಿನ ಇಬ್ಬರೂ ಅಂಗಡಿಗೆ ಬಂದರು. ಸಿಲಿಂಡರ್ ಸರಿಯಾದ ಕಡೆಗೇ ಕೂತಿದೆಯೇ ಎಂದು ಇನ್ನೊಮ್ಮೆ ನೋಡಿ ಭಾವನಿಗೆ ಹಾಕಿದೆ. ಅವರು ಬಾಗಿಲಲ್ಲಿ ನಿಂತು ಬೀದಿಯ ತಂತಿಗಳನ್ನೇ ನೋಡುತ್ತಿದ್ದರು. ಒಂದೊಂದೂ ಬಿಡಿಬಿಡಿಯಾಗಿ ಕಾಣುತ್ತಿದೆ ಎಂದರು.

ಖುಷಿಯ ಹಿಂದೆಯೇ ನನಗೆ ಬಸ್ಸಿನ ನೆನಪಾಯಿತು.

"ಅಲ್ಲ ಭಾವ, ಇಷ್ಟು ದಿನ ಏನು ನೋಡ್ಕಂಡು ಬಸ್ ಓಡಿಸ್ತಿದ್ರಿ?"

ಅಕ್ಕ ಬುತ್ತಿಯ ಚೀಲವನ್ನು ತೊಡೆಯ ಮೇಲೆ ಸರಿಪಡಿಸಿಕೊಂಡಳು.

"ನಾನು ಮುಂದೆ ಕೂತ್ಕಂಡು ಎದುರಿಗೆ ಏನು ಬರ್ತದೆ ಅಂತ ಹೇಳ್ತಿದ್ದೆ ಕಣೆ," ಅಂದಳು. "ಇನ್ಮೇಲೆ ಮನೇಲೇ ಇರ್ತೀನಿ."