ಬಲಸಾಲಿನ ನಾಲ್ಕನೆಯದು

ಅಣ್ಣ ತೀರಿಕೊಂಡಾಗ ಕರ್ಮಕ್ಕೆ ಕುಳಿತವನು ನಾನು. ಅವನಿಗೆ ಮಕ್ಕಳಿರಲಿಲ್ಲ. ಹದಿಮೂರನೆಯ ದಿನ ಮುಗಿಯುವವರೆಗೆ ಹುಬ್ಬಳ್ಳಿಯ ದೇಶಪಾಂಡೆ ನಗರದ ಅವನ ಮನೆ ಬಿಟ್ಟು ಹೋಗುವಂತಿರಲಿಲ್ಲ. ನನ್ನ ಹೆಂಡತಿಯೂ ಅಲ್ಲೇ, ಅಣ್ಣನ ಹೆಂಡತಿ ವೈನಿಯ ಜೊತೆ ಒಳಗೆ. ನವನಗರದ ಹಿಂದಿನ ಹೊಲದಲ್ಲಿ ನನ್ನ ಇಪ್ಪತ್ತು ಹಿಂಡುವ ಎಮ್ಮೆಗಳು ಮತ್ತು ಅವುಗಳನ್ನು ನೋಡಿಕೊಳ್ಳಲು ಉಪ್ಪಿನಬೆಟಗೇರಿ ಕಡೆಯಿಂದ ಬಂದಿದ್ದ ಗಂಡ ಹೆಂಡತಿ ಇಬ್ಬರೇ ಉಳಿದರು. ಅವರು ಕೆಲಸಕ್ಕೆ ಸೇರಿ ಇನ್ನೂ ಒಂದು ಮಳೆಗಾಲ ಕಳೆದಿರಲಿಲ್ಲ.

ಅಳು ಬರಲಿಲ್ಲ. ಬಂದವರೆಲ್ಲ ನನ್ನ ಮುಖ ನೋಡಿ, ಇವನಿಗೆ ದುಃಖ ಒಳಗೇ ಹೆಪ್ಪುಗಟ್ಟಿದೆ ಎಂದುಕೊಂಡು ಇನ್ನಷ್ಟು ಮೆಲ್ಲಗೆ ಮಾತಾಡುತ್ತಿದ್ದರು. ಒಳಗೆ ಏನಿತ್ತೆಂದು ನಾನೇ ಹುಡುಕಿದ್ದೆ. ಸಿಕ್ಕಿದ್ದು ಎಮ್ಮೆಗಳ ಹಿಂಡಿ ಚೀಲ ನಾಡಿದ್ದಿಗೆ ಮುಗಿಯುತ್ತದೆ ಎಂಬ ಯೋಚನೆ ಮಾತ್ರ.

ಹಾಗಾಗಿ ಬರೆಯುತ್ತಿದ್ದೆ. ದಿನಾ ಸಂಜೆ ಹಾಸಿಗೆಯ ಮೇಲೆ ಕೂತು, ಮರುದಿನ ಏನೇನು ಮಾಡಬೇಕೆಂದು ಒಂದು ಹಾಳೆಯ ತುಂಬ ಬರೆದು, ಫೋಟೊ ತೆಗೆದು ಆಳಿನ ಫೋನಿಗೆ ಕಳಿಸುವುದು. ಬಾಯಲ್ಲಿ ಹೇಳಿದರೆ ಅವನು ಎಲ್ಲದಕ್ಕೂ "ಹೂಂರಿ, ಹೂಂರಿ" ಅನ್ನುತ್ತಾನೆ. ಯಾವ ಹೂಂ ತಿಳಿದದ್ದು, ಯಾವ ಹೂಂ ತಿಳಿಯದ್ದು ಎಂದು ನನಗೆ ಗೊತ್ತಾಗುವುದಿಲ್ಲ. ಬರೆದದ್ದನ್ನು ಅವನ ಹೆಂಡತಿ ಗಟ್ಟಿಯಾಗಿ ಓದುತ್ತಿದ್ದಳು, ಅವನು ಶೆಗಣಿ ಬಾಚುತ್ತ ಕೇಳುತ್ತಿದ್ದ.

ಏನು ಬರೆಯುತ್ತಿರಲಿಲ್ಲ! ಹಿಂಡುವ ಮೊದಲು ಕೆಚ್ಚಲು ಬಿಸಿನೀರಿನಲ್ಲಿ ತೊಳೆದು ಒಣಬಟ್ಟೆಯಿಂದ ಒರೆಸು. ಮೊದಲ ಎರಡು ಧಾರೆ ಬೇರೆ ಬಟ್ಟಲಿಗೆ ಹಿಂಡಿ, ಗಂಟುಗಂಟು ಗರಣೆ ಇದೆಯೋ ನೋಡು. ಹಿಂಡಿದ ಕೂಡಲೇ ಮಲಗಲು ಬಿಡಬೇಡ, ಮೊಲೆಯ ಬಾಯಿ ಮುಚ್ಚುವವರೆಗೆ ನಿಲ್ಲಲಿ; ಅದಕ್ಕೇ ಮುಂದೆ ಮೇವು ಹಾಕು. ಜೋಳದ ಕಣಕಿ ಕತ್ತರಿಸಿ ಹಾಕು, ಉದ್ದ ಹಾಕಿದರೆ ಅರ್ಧ ತುಳಿಯುತ್ತವೆ. ಬಿಸಿಲೇರಿದ ಮೇಲೆ ಮೈತೊಳೆ. ಸರಿಯಾಗಿ ಉಸಿರಾಡು ಎಂದೊಂದು ಸಾಲು ಬರೆಯಲಿಲ್ಲ, ಅಷ್ಟೇ.

ಎಮ್ಮೆಗಳಿಗೆ ನಾನು ಹೆಸರಿಟ್ಟಿಲ್ಲ. ಎರಡು ಸಾಲಿನಲ್ಲಿ ಕಟ್ಟುತ್ತೇವೆ, ಹತ್ತು ಹತ್ತು. ಬಾಗಿಲಿನಿಂದ ಎಣಿಸಿದರೆ ಬಲಸಾಲಿನ ಒಂದು, ಎರಡು, ಮೂರು. ಎಡಸಾಲಿನ ಹಾಲು ಡೈರಿಗೆ. ಬಲಸಾಲಿನ ಹಾಲು ನವನಗರದ ಮನೆಗಳಿಗೆ, ಆಳು ಗಾಡಿಯ ಮೇಲೆ ಹೋಗಿ ಹಾಕಿಬರುತ್ತಾನೆ. ಆ ಮನೆಗಳೇ ನನ್ನ ಜೀವಾಳ. ಡೈರಿಯವರು ಫ್ಯಾಟ್ ನೋಡಿ ತೆಗೆದುಕೊಳ್ಳುತ್ತಾರೆ. ಮನೆಯವರು ನನ್ನ ಮುಖ ನೋಡಿ ತೆಗೆದುಕೊಳ್ಳುತ್ತಾರೆ. ಒಮ್ಮೆ ಮುಖ ಹೋದರೆ ಹೋಯಿತು.

ಅಣ್ಣ ಸಾಯುವ ಹಿಂದಿನ ದಿನ ಬಲಸಾಲಿನ ನಾಲ್ಕನೆಯದಕ್ಕೆ ಕೆಚ್ಚಲು ಬಾವು ಬಂದಿತ್ತು. ದನದ ಡಾಕ್ಟರು ಬಂದು ಮೊಲೆಯೊಳಗೆ ಟ್ಯೂಬಿನ ಔಷಧ ಏರಿಸಿ, ಮುಂದಿನ ಟ್ಯೂಬುಗಳನ್ನು ತಮ್ಮ ಸಹಾಯಕನ ಕೈಯಲ್ಲಿ ಹಾಕಿಸುತ್ತೇನೆಂದರು. ಔಷಧ ನಡೆಯುವಷ್ಟು ದಿನ, ಮುಗಿದ ಮೇಲೂ ನಾಲ್ಕು ದಿನ ಹಾಲು ಯಾರಿಗೂ ಕೊಡುವಂತಿಲ್ಲ. ಬಾವು ಒಂದೇ ಮೊಲೆಗಾದರೂ ನಾಲ್ಕೂ ಮೊಲೆಯ ಹಾಲು ಚೆಲ್ಲಬೇಕು, ಕರುವಿಗೂ ಕುಡಿಸಬಾರದು, ಅದನ್ನು ಎಲ್ಲಕ್ಕಿಂತ ಕೊನೆಗೆ ಹಿಂಡಬೇಕು. ಇದನ್ನು ಪ್ರತಿ ಹಾಳೆಯ ಮೊದಲ ಸಾಲಿನಲ್ಲೇ ಬರೆಯುತ್ತಿದ್ದೆ, ಕೆಳಗೆ ಎರಡು ಗೆರೆ ಎಳೆದು.

ಬರೆಯುವಾಗ ಜನ ಬರುತ್ತಿದ್ದರು. ಅಣ್ಣನ ಓಣಿಯ ಹಿರಿಯರೊಬ್ಬರು ಹಾಳೆಯೊಳಗೆ ಇಣುಕಿ ಕೇಳಿದರು.

"ಸೂತಕದಾಗ ಹಾಲು ಹೊರಗ ಹೆಂಗ ಕೊಡ್ತೀಯೋ?"

"ಸೂತಕ ನನಗರಿ ಕಾಕಾ. ಎಮ್ಮಿಗೆ ಇಲ್ಲ."

ವೈನಿ ಒಳಗಿನಿಂದಲೇ ಅಂದರು: "ಎಮ್ಮಿಗೂ ಹಚ್ಚಿಬಿಡ್ರಿ ಕಾಕಾ, ಇವರು ಅದಕ್ಕೂ ಒಂದು ಹಾಳಿ ಬರೀತಾರ." ಅಣ್ಣ ಹೋದ ಮೇಲೆ ಅವರ ಬಾಯಿಂದ ಬಂದ ಮೊದಲ ಚೇಷ್ಟೆಯ ಮಾತು ಅದು. ಯಾರೂ ನಗಲಿಲ್ಲ. ನಾನೂ ನಗಲಿಲ್ಲ, ನಗಬೇಕಿತ್ತು ಅಂತ ರಾತ್ರಿ ಹೊಳೆಯಿತು.

ಟ್ಯೂಬುಗಳು ಮುಗಿದವು; ಇನ್ನು ಹಾಲು ಚೆಲ್ಲುವ ನಾಲ್ಕು ದಿನ ಎಣಿಸುವುದು. ಎಮ್ಮೆ ನಿಂತಲ್ಲಿ ಗಂಜಳ ನಿಲ್ಲುತ್ತದೆ, ಕೆಚ್ಚಲಿಗೆ ಒಣ ನೆಲ ಬೇಕು ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು. ಅಂದಿನ ಹಾಳೆಯಲ್ಲಿ ಬರೆದೆ: ಬಲಸಾಲಿನ ನಾಲ್ಕನೆಯದನ್ನು ತುದಿಗೆ ಕಟ್ಟು, ತುದಿಯದನ್ನು ನಾಲ್ಕನೆಯ ಜಾಗಕ್ಕೆ ತಾ. ಮರುದಿನ ಬೆಳಿಗ್ಗೆ ಅವನು ಹಾಗೇ ಕಟ್ಟಿದ. ಸಂಜೆ ನಾನು ಮತ್ತೆ ಹಾಳೆ ಹಿಡಿದು ಕೂತೆ. ಮೊದಲ ಸಾಲು ಕೈ ತಾನೇ ಬರೆಯಿತು: ಬಲಸಾಲಿನ ನಾಲ್ಕನೆಯದರ ಹಾಲು ಚೆಲ್ಲು. ಎರಡು ಗೆರೆ ಎಳೆದೆ.

ಅದಾದ ಮರುದಿನ ಮಧ್ಯಾಹ್ನದ ಹೊತ್ತಿಗೆ ನವನಗರದಿಂದ ಫೋನು. ದಿನಾ ಒಂದು ಲೀಟರು ತೆಗೆದುಕೊಳ್ಳುವ ಮನೆಯ ಯಜಮಾನಿ ಬಾಯಿಯವರು.

"ಮುಂಜಾನಿ ಹಾಲಿಗೆ ಹೆಪ್ಪು ಹಾಕಿದ್ದೆರಿ. ಇನ್ನೂ ಹಾಲು ಹಾಲs ಅದ. ನೀರ್ಗಿರು ಹಾಕೀರೇನು?"

"ಇಲ್ರಿ ಬಾಯಾರ, ನೀರಂತೂ ಹಾಕಿಲ್ರಿ," ಅಂದೆ. ಔಷಧ ಬಿದ್ದ ಹಾಲಿಗೆ ಹೆಪ್ಪು ಹತ್ತುವುದಿಲ್ಲ ಎಂಬುದು ಎಮ್ಮೆ ಕಟ್ಟಿದವರಿಗೆಲ್ಲ ಗೊತ್ತು.

ಆಳಿಗೆ ಫೋನು ಹಚ್ಚಿದೆ. ಎತ್ತಿದವಳು ಅವನ ಹೆಂಡತಿ.

"ನಾಲ್ಕನೇದರ ಹಾಲು ಚೆಲ್ಲಿದಿರೇನವಾ?"

"ಚೆಲ್ಲೇವ್ರಿ ಅಣ್ಣಾರ. ನೀವು ಬರದಂಗs ಮಾಡೇವಿ."

"ತುದೀದು?"

"ಅದನ್ನ ಕ್ಯಾನಿಗೆ ಹಿಂಡೇವ್ರಿ."

"ಬಾವು ಇದ್ದದ್ದು ಅದಕ್ಕ ಅಲ್ಲೇನವಾ!"

ಅವಳು ತಡೆದು ತಡೆದು ಹೇಳಿದಳು. ಬಾವು ಇಳಿದಿತ್ತು, ಹಾಲು ಸ್ವಚ್ಛ ಬರುತ್ತಿತ್ತು. ಹಾಳೆಯಲ್ಲಿ ನಾಲ್ಕನೆಯದು ಎಂದಿತ್ತು, ನಾಲ್ಕನೆಯ ಜಾಗದಲ್ಲಿ ಬೇರೆಯದು ನಿಂತಿತ್ತು. ಅಣ್ಣಾರು, ಅಂದರೆ ನಾನು, ಡಾಕ್ಟರ ಹತ್ತಿರ ಮಾತಾಡಿಯೇ ಬರೆದಿರಬೇಕು, ಹಳೆಯದಕ್ಕೆ ಗುಣವಾಯಿತು, ಇನ್ನು ಇದರದ್ದು ಚೆಲ್ಲಬೇಕೇನೋ ಎಂದು ಗಂಡ ಹೆಂಡತಿ ತೀರ್ಮಾನಿಸಿದ್ದರು. "ಖರೇ ಏನ್ರಿ ಅಂತ ನಮ್ಮ ಮನಿಯಾವ್ರು ನಿಮಗ ಫೋನಿನಾಗ ಮಾತು ತುಂಬಿ ಕಳಿಸಿದ್ರಲ್ರಿ. ನೀವು ಏನೂ ಅನ್ಲಿಲ್ಲ."

ಫೋನಿಗೆ ಬಂದ ಸಂದೇಶಗಳನ್ನು ನೋಡಿದೆ. ಕಳಿಸಿದ್ದ. ಸಂತಾಪದ ಮಲ್ಲಿಗೆ ಹೂಗಳು, ದೀಪಗಳು, ಕೈಮುಗಿದ ಚಿತ್ರಗಳ ನಡುವೆ ಅವನ ಧ್ವನಿ ಹೂತುಹೋಗಿತ್ತು. ಅಷ್ಟೊಂದು ಜನರಿಗೆ ನನ್ನ ದುಃಖದ ಕಾಳಜಿ ಇದ್ದದ್ದು ಆ ಹೊತ್ತಿಗೆ ಅನುಕೂಲವಾಗಲಿಲ್ಲ.

ಡಾಕ್ಟರಿಗೆ ಫೋನು ಮಾಡಿದೆ. ಅವರು ಬೈಯುವುದನ್ನು ಬೈದು, ಉಳಿದ ಹಾಲನ್ನು ಯಾರೂ ಬಳಸದಿರಲಿ, ಈ ಔಷಧ ಒಗ್ಗದವರು ಯಾರಾದರೂ ಕುಡಿದಿದ್ದರೆ ಗುಳ್ಳೆ ತುರಿಕೆ ನೋಡಿಕೊಳ್ಳಲಿ, ಉಸಿರಿಗೆ ತ್ರಾಸಾದರೆ ಕೂಡಲೇ ದವಾಖಾನೆಗೆ ಹೋಗಲಿ, ಎಲ್ಲರಿಗೂ ಹೇಳು ಎಂದರು. ಎಲ್ಲರಿಗೂ.

ವೈನಿಯ ತಮ್ಮ ಪಕ್ಕದಲ್ಲೇ ಕೂತಿದ್ದ. "ಫೋನ್ ಬಂದಿದ್ದು ಒಂದs ಮನಿಯಿಂದ. ಹೆಪ್ಪು ಹಳೇದಿರಬೇಕ್ರಿ ಅಂದು ಮುಗಿಸ್ರಿ. ನೀವs ಊರತುಂಬ ಡಂಗುರ ಹೊಡದ್ರ ನಾಳೆ ಯಾರು ತಗೋತಾರ ಹಾಲು?"

ಅವನ ಮಾತು ಸುಳ್ಳಾಗಿರಲಿಲ್ಲ. ಬೇರೆ ದಿನವಾಗಿದ್ದರೆ ನಾನು ಅದನ್ನೇ ಹಿಡಿದು ಸಂಜೆಯ ತನಕ ತೂಗುತ್ತಿದ್ದೆ, ತೂಗಿ ತೂಗಿ ಹಾಲು ಎಲ್ಲರ ಹೊಟ್ಟೆ ಸೇರುತ್ತಿತ್ತು. ಅಂದು ನನ್ನೊಳಗಿನ ತೂಗುವವನು ಮನೆಯಲ್ಲಿರಲಿಲ್ಲ. ಧೈರ್ಯ ಅಂತ ತಿಳಿಯಬೇಡಿ. ನಾಚಿಕೆ ಆಗಬೇಕಾದ ಜಾಗ ಜೋಮು ಹಿಡಿದ ಕಾಲಿನ ಹಾಗಿತ್ತು. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಒಂದೊಂದೇ ಮನೆಗೆ ಫೋನು ಹಚ್ಚಿದೆ. ಎಲ್ಲರಿಗೂ ಒಂದೇ ಮಾತು: ಇವತ್ತು ಮುಂಜಾನೆಯ ಹಾಲಿನಲ್ಲಿ ಔಷಧ ಕೊಟ್ಟ ಎಮ್ಮೆಯ ಹಾಲು ಸೇರಿದೆ, ತಪ್ಪು ನನ್ನದು, ಉಳಿದದ್ದು ಚೆಲ್ಲಿರಿ, ಕುಡಿದವರಿಗೆ ಮೈಮೇಲೆ ಏನಾದರೂ ಎದ್ದರೆ, ಉಸಿರು ಹಿಡಿದಂತಾದರೆ ತಡ ಮಾಡದೆ ಡಾಕ್ಟರಿಗೆ ತೋರಿಸಿರಿ.

ಒಬ್ಬರು, "ಚಹಾ ಮಾಡಿ ಕುಡದಾತಲ್ಲೋ ಮಾರಾಯಾ, ಈಗ ಎಲ್ಲಿಂದ ಚೆಲ್ಲಲಿ?" ಅಂದರು. ಇನ್ನೊಬ್ಬರು, ಎಮ್ಮೆಗೆ ಆರಾಮಾಯಿತೇ ಎಂದು ಮಾತ್ರ ಕೇಳಿದರು. ಮತ್ತೊಬ್ಬರು ಪೂರ್ತಿ ಕೇಳಿಸಿಕೊಂಡು, "ಇಷ್ಟು ದಿನಾ ಏನೇನು ಕುಡಿಸಿರ್ಬೇಕು ನಮಗ," ಎಂದು ಫೋನಿಟ್ಟರು. ಅವರು ಆಮೇಲೆ ಎತ್ತಲೇ ಇಲ್ಲ.

ಹೆಪ್ಪಾಗದ ಮನೆಯ ಬಾಯಿಯವರಿಗೆ ಕೊನೆಗೆ ಮಾಡಿದೆ.

"ಮೊದಲ ಯಾಕ ಹೇಳ್ಲಿಲ್ಲ?" ಅಂದರು.

"ಆಗ ನನಗೂ ಗೊತ್ತಿದ್ದಿಲ್ರಿ."

"ನೀವು ಎಲ್ಲಿದ್ರಿ?"

"ಹುಬ್ಬಳ್ಳ್ಯಾಗ," ಅಂದೆ.

"ಊರು ತಿರಗ್ರಿ ಹಂಗಾರ. ನಾಳೆ ನಮಗ ಹಾಲು ಬ್ಯಾಡ."

ಫೋನಿಟ್ಟ ಮೇಲೆ ಹೊಳೆಯಿತು: ಅಣ್ಣ ಸತ್ತಿದ್ದಾನೆ ಎಂದು ಅಷ್ಟೂ ಮನೆಗಳಲ್ಲಿ ಒಬ್ಬರಿಗೂ ಹೇಳಿರಲಿಲ್ಲ. ಮುಚ್ಚಿಟ್ಟದ್ದಲ್ಲ. ಅಂಥದೊಂದು ಕಾರಣ ನನ್ನ ಬಳಿ ಇದೆ ಎಂಬುದೇ ನೆನಪಾಗಿರಲಿಲ್ಲ. ಅವನು ಸತ್ತ ಮನೆಯ ಹಿತ್ತಲಿನಲ್ಲಿ, ಅವನ ಧೋತರ ಒಣಗುತ್ತಿದ್ದ ಹಗ್ಗದ ಕೆಳಗೆ ಕೂತಿದ್ದೆ. ಸ್ವಲ್ಪ ಹೊತ್ತು ಹಾಗೇ ಕೂತೆ, ಏನಾದರೂ ಬರಬಹುದೆಂದು. ಬರಲಿಲ್ಲ. ಎದ್ದು ಹಾಳೆ ತಂದೆ.

ಆಳು ಫೋನು ಮಾಡಿದ. ಹೂಂರಿ ಇರಲಿಲ್ಲ. "ನಾವು ಊರಿಗೆ ಹೋಗೂಣೇನ್ರಿ ಅಣ್ಣಾರ?"

"ಹೋದ್ರ ಸಂಜೀಕ ಹಿಂಡಾವ್ರು ಯಾರೋ? ನಾನು ಹಾಳ್ಯಾಗ ಬರದದ್ದು ತಪ್ಪು, ನೀ ಮಾಡಿದ್ದಲ್ಲ. ಆ ಎಮ್ಮಿ ಹೆಂಗದ ಹೇಳು. ಜಾಗಾ ಅಲ್ಲ, ಮಾರಿ ನೋಡಿ ಗುರ್ತಾ ಹೇಳು."

"ಮಾರಿ ಎಮ್ಮಿ ಮಾರೀನs ಐತ್ರಿ."

ಹಿಂದೆ ಅವನ ಹೆಂಡತಿ ಏನೋ ಅಂದದ್ದು ಕೇಳಿಸಿತು. ಎಡಗೋಡು ಕೆಳಗೆ ಇಳಿದು ಕಿವಿಯ ಹಿಂದೆ ಹೋಗಿದೆಯಂತೆ. ಏಳು ವರ್ಷ ಅದರ ಹೊಟ್ಟೆಗೆ ಹಣೆ ಹಚ್ಚಿ ಕೂತು ಹಿಂಡಿದವನು ನಾನು. ಕೋಡು ನೆನಪಾಗಲಿಲ್ಲ. ಕೆಚ್ಚಲು ಚೆನ್ನಾಗಿ ನೆನಪಾಯಿತು, ಆದರೆ ಕೆಚ್ಚಲು ಬರೆದು ತೋರಿಸುವುದು ಹೇಗೆ?

ಅಂದಿನ ಹಾಳೆ ಚಿಕ್ಕದಾಯಿತು. ಎಡಗೋಡು ಕೆಳಗಿಳಿದ ಎಮ್ಮೆ. ಈಗಲೇ ಅದರ ಹಿಂಗಾಲಿಗೆ ಕೆಂಪು ಬಟ್ಟೆ ಕಟ್ಟು. ಬಟ್ಟೆ ಇರುವಷ್ಟು ದಿನ, ಅದು ಎಲ್ಲೇ ನಿಂತಿರಲಿ, ಅದರ ಹಾಲು ಚೆಲ್ಲು. ಬಟ್ಟೆ ಬಿಚ್ಚುವ ದಿನ ನಾನೇ ಬಾಯಲ್ಲಿ ಹೇಳುತ್ತೇನೆ. ಕ್ಯಾನು ಬಿಸಿನೀರಿನಲ್ಲಿ ತಿಕ್ಕಿ ತೊಳೆ. ಕೆಳಗೆ ಹಾಲು ಹಾಕಬಾರದ ಮನೆಗಳನ್ನು ಬರೆದೆ. ಎರಡು ಗೆರೆ ಎಳೆಯಲಿಲ್ಲ. ಎಳೆದು ಆಗಿದ್ದು ಸಾಕಿತ್ತು.

ಮರುದಿನ ಬೆಳಗಿನ ಹಾಲು ಹಾಕಿ ಆಳು ಫೋನು ಮಾಡಿದ. ಫೋನಿಟ್ಟಿದ್ದ ಮನೆಯ ಬಾಗಿಲು ತೆರೆದಿರಲಿಲ್ಲ. ಇನ್ನೂ ಎರಡು ಮನೆಯವರು ಪ್ಯಾಕೆಟ್ ಹಾಲಿಗೆ ಹೇಳಿಬಿಟ್ಟಿದ್ದರು. ಕ್ಯಾನಿನಲ್ಲಿ ಹಾಲು ಉಳಿದಿತ್ತು, ಡೈರಿಗೆ ಹಾಕಿದ್ದ.

"ಹೆಪ್ಪು ಆಗದ ಮನಿ ಬಾಯಾರು ಅದಾರಲ್ರಿ, ಅವರು ಪಾತೇಲಿ ಹಿಡಕೊಂಡು ಗೇಟಿನಾಗ ನಿಂತಿದ್ರರಿ."

"ಬ್ಯಾಡ ಅಂದಿದ್ರಲ್ಲೋ."

"ನಾನೂ ಅದನ್ನs ಅಂದ್ನಿರಿ. ನಿಮ್ಮ ಮಾಲಕರ ಅಣ್ಣಾ ತೀರಿಕೊಂಡಾರಂತಲ್ಲ, ಯಾಕ ಹೇಳ್ಲಿಲ್ಲ ಅಂತ ನನಗs ಬೈದ್ರು. ನಮ್ಮಾಕಿ ಹೇಳ್ಯಾಳ್ರಿ ನಿನ್ನೆ ಸಂಜೀಕ, ಆ ಓಣ್ಯಾಗ. ನಾ ಹೇಳಿಲ್ಲ."

"ಹಾಲು ಎಷ್ಟು ತಗೊಂಡ್ರು?"

"ಅರ್ಧಾ ಲೀಟರ್ರಿ. ಕುಡ್ಯಾಕ ಅಲ್ಲಂತ. ಹೆಪ್ಪು ಹಾಕಿ ನೋಡ್ತಾರಂತ."

ಸಂಜೆಯ ಹಾಳೆಯಲ್ಲಿ ಅವರ ಮನೆಯನ್ನು ಬೇಡದವರ ಸಾಲಿನಿಂದ ತೆಗೆದು ಅರ್ಧ ಲೀಟರು ಎಂದು ಬರೆದೆ. ವೈನಿ ಚಹಾ ತಂದಿಟ್ಟು, ಹಾಳೆ ಕೈಗೆ ತೆಗೆದುಕೊಂಡು ಮೇಲಿನಿಂದ ಕೆಳಗಿನ ತನಕ ಓದಿದರು. ವಾಪಸು ಕೊಟ್ಟರು. ನಾನು ಫೋಟೊ ತೆಗೆದು ಕಳಿಸಿದೆ. ಆಮೇಲೆ ಚಹಾ ಆರುವವರೆಗೆ ಸಂತಾಪದ ಹೂಗಳನ್ನೆಲ್ಲ ಒಂದೊಂದಾಗಿ ಸರಿಸುತ್ತ, ಅವುಗಳ ನಡುವೆ ಆಳಿನ ಧ್ವನಿ ಮತ್ತೆಲ್ಲಾದರೂ ಉಳಿದಿದೆಯೋ ಎಂದು ಹುಡುಕಿದೆ.