ಸೀತು ದೊಡ್ಡಮ್ಮನ ನಿಧಾನದ ಹೊಟ್ಟೆ

ನನ್ನ ಅಕ್ಷರ ಚೆನ್ನಾಗಿಲ್ಲ, ಏಳನೆಯಲ್ಲೇ ಶಾಲೆ ಬಿಟ್ಟವಳು. ಮಾತಿನಲ್ಲಿ ತಪ್ಪಿದ್ದರೆ ಕ್ಷಮಿಸಿ.

ಕುಂಬ್ರದ ನಮ್ಮ ಸೀತು ದೊಡ್ಡಮ್ಮ ಬೀಡಿ ಕಟ್ಟುತ್ತಾರೆ. ಅವರಿಗೆ ಸಕ್ಕರೆ ಕಾಯಿಲೆ ಬಂದು ಇಪ್ಪತ್ತು ವರ್ಷ. ಸೂಜಿ ಕುದಿಸಿ, ಊಟಕ್ಕೆ ಮೊದಲು ಇನ್ಸುಲಿನ್ ಚುಚ್ಚುವವಳು ನಾನು. ಈ ವರ್ಷ, ೧೯೮೪ರಲ್ಲಿ, ಊಟವಾಗಿ ಸ್ವಲ್ಪ ಹೊತ್ತಿಗೇ ಅವರು ಬೆವರಿ ನಡುಗತೊಡಗಿದರು. ರಕ್ತದ ಸಕ್ಕರೆ ತೀರಾ ಇಳಿದಿದೆಯೆಂದು ಸಕ್ಕರೆ ನೀರು ಕುಡಿಸಬೇಕಾಗುತ್ತಿತ್ತು. ಸಂಜೆ ಮೂತ್ರಕ್ಕೆ ನೀಲಿ ಮದ್ದು ಹಾಕಿ ಕಾಯಿಸಿದರೆ ಇಟ್ಟಿಗೆಯ ಬಣ್ಣ, ಅಂದರೆ ಸಕ್ಕರೆ ವಿಪರೀತ.

“ಕದ್ದು ಬೆಲ್ಲ ತಿನ್ನುದು ನೀನು,” ಎಂದು ದೊಡ್ಡಪ್ಪ ದೊಡ್ಡಮ್ಮನನ್ನು ಗದರಿದರು.

“ಬೆಲ್ಲದ ಡಬ್ಬಿ ನಿಮ್ಮ ತಲೆದಿಂಬಿನ ಹತ್ತಿರವೇ ಉಂಟಲ್ಲ ಮಾರಾಯ್ರೆ! ನಾನು ಹೇಗೆ ಕದಿಯುದು?”

ಮನೆಯಲ್ಲಿ ಇನ್ಸುಲಿನ್ ಹೆಚ್ಚಿಸುವ ಮಾತು ಬಂತು. ಆಗ ಬೆವರು ಇನ್ನೂ ಹೆಚ್ಚಾಗಿ ಪ್ರಾಣಕ್ಕೇ ಕುತ್ತು ಬಂದೀತೆಂದು ನನಗೆ ಭಯವಾಯಿತು.

ನಿನ್ನೆ ಬೆಳಿಗ್ಗೆ ದೊಡ್ಡಮ್ಮ ವಾಂತಿ ಮಾಡಿದರು. ಅದರಲ್ಲಿ ಮೊನ್ನೆ ಮಧ್ಯಾಹ್ನದ ಕೆಂಪು ಹರಿವೆ ಸೊಪ್ಪು ಹಾಗೆಯೇ ಇತ್ತು. ಇವತ್ತು ದೊಡ್ಡಪ್ಪನೂ ಸೇರಿ ಮೂವರೂ ಪುತ್ತೂರಿಗೆ ಹೋದಾಗ, ಡಾಕ್ಟರ ಮುಂದೆ ನಾಚಿಕೆ ಬಿಟ್ಟು ಅದನ್ನು ಹೇಳಿದೆ.

“ನೀನು ನೋಡಿದ್ದು ಒಳ್ಳೇದಾಯ್ತು ಮಗಾ,” ಎಂದರು ಡಾಕ್ಟರು. “ಹಳೇ ಕಾಯಿಲೆಯಿಂದ ಹೊಟ್ಟೆಯ ನರ ಸೋತಿದೆ. ಅನ್ನ ಹೊಟ್ಟೆಯಲ್ಲೇ ಕೂತಿರುವಾಗ ಇನ್ಸುಲಿನ್ ಕೆಲಸ ಶುರು ಮಾಡ್ತದೆ, ಅದಕ್ಕೇ ಬೆವರು. ಅನ್ನ ಕೆಳಗೆ ಇಳಿಯುವಾಗ ಇನ್ಸುಲಿನ್ ಮುಗಿದಿರ್ತದೆ, ಆಗ ಸಕ್ಕರೆ ಏರ್ತದೆ.”

“ಕೇಳಿತಾ? ಇನ್ನು ಆ ಡಬ್ಬಿ ಅಡುಗೆಮನೆಗೆ ಬರ್ಲಿ,” ಎಂದು ದೊಡ್ಡಮ್ಮ ದೊಡ್ಡಪ್ಪನನ್ನು ನೋಡಿ ನಕ್ಕರು.

ನಾಳೆಯಿಂದ ಮೆತ್ತಗಿನ ಗಂಜಿಯನ್ನು ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಐದು ಸಲ ಕೊಡುತ್ತೇನೆ. ಡಾಕ್ಟರು ಬರೆದುಕೊಟ್ಟಂತೆ, ಇನ್ಸುಲಿನ್ ಅನ್ನು ಊಟವಾದ ಮೇಲೆ ಚುಚ್ಚುತ್ತೇನೆ.