ಒಪ್ಪಿಗೆಯ ಸಹಿ

ಸೋಮವಾರ ಬೆಳಿಗ್ಗೆ ಸಿಂದಗಿಯ ನಮ್ಮ ಸುದ್ದಿ ಕಚೇರಿಯಲ್ಲಿ, ಗೋಡೆಯ ಕ್ಯಾಲೆಂಡರಿನ ಪಕ್ಕದಲ್ಲೇ ನಾನೂ ನಮ್ಮ ಕ್ಯಾಮೆರಾಮನ್ನೂ ನಿಂತಿದ್ದೆವು. ತಪ್ಪುಗಳಾಗದಿರಲೆಂದು ಸಂಪಾದಕರೇ ಹಿಂದಿನ ವಾರ ನಿಯಮ ಮಾಡಿದ್ದರು: ಒಬ್ಬರು ಬರೆಯಬೇಕು, ಇನ್ನೊಬ್ಬರು ಫೋನಿನಲ್ಲಿ ವಿಚಾರಿಸಿ ಕ್ಯಾಲೆಂಡರಿನಲ್ಲಿ ಸಹಿ ಹಾಕಬೇಕು, ಆಮೇಲಷ್ಟೇ ಸುದ್ದಿ ನಮ್ಮ ಆನ್‌ಲೈನ್ ಪೇಜಿಗೆ ಹೋಗಬೇಕು. ಆದರೆ ಹಿಂದಿನ ರಾತ್ರಿ, ಆಸ್ಪತ್ರೆಯಲ್ಲಿದ್ದ ನಿವೃತ್ತ ಮಾಸ್ತರರ ಶ್ರದ್ಧಾಂಜಲಿಯನ್ನು, ಎಲ್ಲರಿಗಿಂತ ಮೊದಲು ಹಾಕುವ ಆತುರದಲ್ಲಿ, ತಾವೇ ಮೊಬೈಲಿನಿಂದ ಹಾಕಿಬಿಟ್ಟರು. ಮಾಸ್ತರರು ಬದುಕಿದ್ದರು.

ಸಂಪಾದಕರು ಕಚೇರಿಯ ಕಂಪ್ಯೂಟರ್ ಆಪರೇಟರ್ ಹುಡುಗಿಗೆ ಪೆನ್ನು ಕೊಟ್ಟರು. "ವಿಚಾರಿಸಿದ ಸಹಿ ಹಾಕು. ನಿನ್ನ ನೌಕರಿ ಉಳೀತೈತಿ."

"ನಾ ಫೋನ ಮಾಡಿಲ್ರಿ, ಸರ."

"ಹಾಕವಾ."

ಹಾಕಿದಳು. ಅಷ್ಟರಲ್ಲಿ ಮಾಸ್ತರರ ಮಗಳು ಬಂದಳು. "ನಮ್ಮಪ್ಪ ತನ್ನ ಹಾರದ ಫೋಟೋ ತಾನ ನೋಡ್ಯಾನ್ರಿ. ಯಾರ ಹಾಕಿದ್ದು?"

ಸಂಪಾದಕರು ಸಹಿಯ ಮೇಲೆ ಬೆರಳಿಟ್ಟರು. "ಈಕಿನ್ರಿ. ಈಗಿಂದೀಗ ನೌಕರಿಯಿಂದ ತಗದು ಹಾಕೇನಿ."

ಸಂಪಾದಕರು ಈಗ ಬದುಕಿಲ್ಲ. ಆ ಸಹಿ ಬಿದ್ದದ್ದನ್ನು ನನ್ನೊಂದಿಗೆ ಕಂಡ ಕ್ಯಾಮೆರಾಮನ್ ನಿಡಗುಂದಿಯಲ್ಲಿದ್ದಾನೆ; ನನ್ನ ಮಾತು ನಂಬದಿದ್ದರೆ ಅವನಿಗೆ ಫೋನ್ ಮಾಡಿ ವಿಚಾರಿಸಿ.